ತಿಪ್ಪೆ ಪಕ್ಕದ ತೆನೆ

ಕೇಳುಗರಿಗೆ ನಮಸ್ಕಾರ.

ನಾನು ಮಂಡ್ಯದವನು. ರಾಗಿ ತಳಿ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡು ಈಗ ನಿವೃತ್ತನಾಗಿದ್ದೇನೆ. ಹೋದ ತಿಂಗಳು ನಾಗಮಂಗಲದ ಕಡೆಯ ಒಬ್ಬ ಹುಡುಗಿ ತನ್ನ ಅಪ್ಪನ ಜೊತೆ ಮನೆಗೆ ಬಂದಿದ್ದಳು. ಹಳ್ಳಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದ್ದಾಳೆ. ಪ್ಲಾಂಟ್ ಬ್ರೀಡಿಂಗ್, ಅಂದರೆ ಸಸ್ಯ ತಳಿ ಅಭಿವೃದ್ಧಿಯಲ್ಲಿ ಎಂ.ಎಸ್ಸಿ. ಮಾಡುವ ಆಸೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಕೃಷಿ ಪದವಿಯೇ ಆಗಬೇಕು. ಹಾಗಾಗಿ ಸಸ್ಯಶಾಸ್ತ್ರದವರನ್ನೂ ತೆಗೆದುಕೊಳ್ಳುವ ಹೊರದೇಶದ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅವರು ಕೇಳಿರುವುದು ಸ್ಟೇಟ್‌ಮೆಂಟ್ ಆಫ್ ಪರ್ಪಸ್. ನೀವು ಏನು ಓದಬೇಕು ಅಂತಿದ್ದೀರಿ, ಯಾಕೆ, ಅದಕ್ಕೆ ಇಲ್ಲಿವರೆಗೆ ಏನು ಮಾಡಿದ್ದೀರಿ ಅಂತ ಹೇಳುವ ಒಂದೆರಡು ಪುಟ.

ಅವಳು ಬರೆದದ್ದನ್ನು ಓದಿದೆ. 'ಚಿಕ್ಕಂದಿನಿಂದಲೂ ನನಗೆ ಗಿಡಮರ ಅಂದರೆ ಪ್ರೀತಿ' ಅಂತ ಶುರು. ಜನಸಂಖ್ಯೆ ಏರುತ್ತಿದೆ, ಹವಾಮಾನ ಕೆಡುತ್ತಿದೆ, ಹಸಿವು ನೀಗಿಸಬೇಕು ಅಂತ ಮುಂದೆ ಹೋಗಿ, ಆ ವಿಶ್ವವಿದ್ಯಾಲಯವನ್ನು ಹೊಗಳಿ ಮುಗಿಸಿದ್ದಳು. ತಪ್ಪೇನಿಲ್ಲ. ಆದರೆ ಹೆಸರು ಬದಲಾಯಿಸಿದರೆ ಯಾರು ಬೇಕಾದರೂ ಕಳಿಸಬಹುದಾದ ಪುಟ ಅದು.

"ನೀನಾಗಿ ಏನಾದರೂ ಬೆಳೆದು ನೋಡಿದ್ದೀಯೇನಮ್ಮ?" ಅಂದೆ.

"ಒಂದು ಮಾಡಿದ್ದೆ ಸಾರ್. ಅದು ಫೇಲಾಯ್ತು. ಅದಕ್ಕೇ ಬರೆದಿಲ್ಲ."

ಆ ಫೇಲಾದದ್ದನ್ನೇ ಇವತ್ತು ನಿಮಗೆ ಹೇಳುತ್ತೇನೆ.

ಎರಡನೇ ವರ್ಷದಲ್ಲಿದ್ದಾಗ ಅವಳಿಗೆ ಒಂದು ಯೋಚನೆ ಬಂತು. ಹೊಲದಲ್ಲಿ ದಪ್ಪ ತೆನೆಗಳನ್ನು ಆರಿಸಿ ಬಿತ್ತಿದರೆ ಮುಂದಿನ ಬೆಳೆಯಲ್ಲೂ ದಪ್ಪ ತೆನೆ ಬರಬೇಕು, ಅಲ್ವಾ? ಹೊಲದಲ್ಲಿದ್ದದ್ದು ಜಿಪಿಯು 28 ಅನ್ನುವ ತಳಿಯ ರಾಗಿ, ಮನೆಯಲ್ಲೇ ಇಟ್ಟುಕೊಂಡ ಬೀಜ. ಕೊಯ್ಲಿಗೆ ಮುಂಚೆ 50 ದಪ್ಪ ತೆನೆ ಆರಿಸಿದಳು. ಹೋಲಿಕೆಗೆ ಅಂತ ಹೊಲದಲ್ಲಿ ಅಡ್ಡಾಡುತ್ತಾ ಕೈಗೆ ಸಿಕ್ಕಿದ 50 ತೆನೆಯನ್ನೂ ತೆಗೆದುಕೊಂಡಳು. ಎಲ್ಲವನ್ನೂ ಒಟ್ಟಿಗೆ ಐದು ದಿನ ಬಿಸಿಲಿಗೆ ಹಾಕಿದಳು. ಒಂದು ಹಸಿ, ಒಂದು ಒಣ ಇದ್ದರೆ ನೀರನ್ನು ತೂಗಿದ ಹಾಗಾಗುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾನೇ ಯೋಚಿಸಿದ್ದು.

ಕಾಲೇಜಿನ ತಕ್ಕಡಿ ಕೆಟ್ಟು ಕೂತಿತ್ತು. ಊರಿನ ಅಕ್ಕಸಾಲಿಗರ ಅಂಗಡಿಗೆ ಹೋಗಿ, ಚಿನ್ನ ತೂಗುವ ತಕ್ಕಡಿಯಲ್ಲಿ ಒಂದೊಂದೇ ತೆನೆ ಇಟ್ಟು ಬರೆದುಕೊಂಡಳು. ಕೈಗೆ ಸಿಕ್ಕ ತೆನೆಗಳು ಸರಾಸರಿ 6 ಗ್ರಾಂ, ಆರಿಸಿದವು 9 ಗ್ರಾಂ.

ಮುಂದಿನ ಮುಂಗಾರಿಗೆ ಬಿತ್ತನೆ. ಒಂದು ಸಾಲು ಆರಿಸಿದ ಬೀಜ, ಪಕ್ಕದ ಸಾಲು ಆರಿಸದ ಬೀಜ, ಹೀಗೆ ಒಂದು ಬಿಟ್ಟು ಒಂದು, ಒಟ್ಟು 20 ಸಾಲು. ಅರ್ಧ ಹೊಲಕ್ಕೆ ಇದು, ಇನ್ನರ್ಧಕ್ಕೆ ಅದು ಅಂತ ಯಾಕೆ ಹಾಕಲಿಲ್ಲ ಅಂತ ಕೇಳಿದೆ. "ಹೊಲದ ಒಂದು ಕಡೆ ತಗ್ಗು ಸಾರ್, ತೇವ ಜಾಸ್ತಿ. ಆ ಕಡೆ ಬಿದ್ದ ಬೀಜಕ್ಕೇ ಲಾಭ ಆಗುತ್ತಿತ್ತು" ಅಂದಳು. ಈ ಒಂದು ಮಾತಿಗೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಎಂ.ಎಸ್ಸಿ. ಮಾಡುವವರಿಗೂ ಇದನ್ನು ತಿದ್ದಿ ತಿದ್ದಿ ಹೇಳಬೇಕಾಗುತ್ತದೆ.

ಕೊಯ್ಲಾಯಿತು, ತೂಗಿದಳು. ಆರಿಸದ ಸಾಲುಗಳದ್ದು 6.1 ಗ್ರಾಂ, ಆರಿಸಿದ ಸಾಲುಗಳದ್ದು 6.3. ಆರಿಸುವಾಗ ಇದ್ದ ವ್ಯತ್ಯಾಸ 3 ಗ್ರಾಂ, ಮಕ್ಕಳಲ್ಲಿ ಉಳಿದದ್ದು 0.2. ಇದನ್ನು 3ರಿಂದ ಭಾಗಿಸಿದರೆ ನೂರಕ್ಕೆ ಏಳೂ ಆಗುವುದಿಲ್ಲ. ಆರಿಸಿದ ದಪ್ಪದಲ್ಲಿ ಮುಂದಿನ ಪೀಳಿಗೆಗೆ ಎಷ್ಟು ಪಾಲು ದಾಟಿತು ಅಂತ ಹೇಳುವ ಲೆಕ್ಕ ಇದು. ಆ ಪುಟ್ಟ 0.2 ಕೂಡ ಸಾಲಿನಿಂದ ಸಾಲಿಗೆ ಬರುವ ಏರುಪೇರೇ ಇರಬಹುದು. ಇದ್ದದ್ದು ಒಂದು ಹೊಲ, ಒಂದು ಮಳೆಗಾಲ. ಅಷ್ಟರಲ್ಲಿ ಹೆಚ್ಚು ಹೇಳಲಾಗದು.

ಯಾಕೆ ಹೀಗಾಯಿತು? ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಅವಳ ಅಪ್ಪ ಹೇಳಿದರು: "ಇವಳು ದಪ್ಪ ತೆನೆ ಕುಯ್ದದ್ದೆಲ್ಲ ತಿಪ್ಪೆ ಪಕ್ಕ, ಬದದ ಅಂಚಲ್ಲಿ ಸ್ವಾಮಿ. ಆ ಬೀಜ ಬಿತ್ತೋದಾದ್ರೆ ತಿಪ್ಪೇನೂ ಜೊತೇಲಿ ಹೊತ್ಕೊಂಡು ಹೋಗ್ಬೇಕಿತ್ತು."

ಡೆನ್ಮಾರ್ಕಿನ ಯೊಹಾನ್ಸನ್ ಅನ್ನುವ ವಿಜ್ಞಾನಿ 1903ರಲ್ಲಿ ಹುರುಳಿಕಾಯಿ ಬೀಜ ಇಟ್ಟುಕೊಂಡು ತೋರಿಸಿದ್ದೂ ಇದನ್ನೇ. ರಾಗಿ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಜಿಪಿಯು 28ರಂಥ ಒಂದು ಶುದ್ಧ ತಳಿಯ ಹೊಲದಲ್ಲಿ ಗಿಡಗಳೆಲ್ಲ ಒಳಗಿನಿಂದ ಹೆಚ್ಚುಕಡಿಮೆ ಒಂದೇ. ಒಂದು ದಪ್ಪ, ಒಂದು ಸಣ್ಣ ಅಂತ ಕಾಣುವುದು ಗೊಬ್ಬರ, ತೇವ, ಅಂತರದಿಂದ. ಅದು ಬೀಜದಲ್ಲಿ ಇಳಿದು ಬರುವುದಿಲ್ಲ. ಹಳೆಯ ನಾಟಿ ರಾಗಿ, ನಾಲ್ಕು ತರದ್ದು ಬೆರೆತದ್ದು ಆಗಿದ್ದರೆ ಆರಿಸಿದ್ದಕ್ಕೆ ಫಲ ಸಿಗುತ್ತಿತ್ತೋ ಏನೋ. ಇಲ್ಲಿ ಆರಿಸಲು ಏನೂ ಇರಲಿಲ್ಲ.

ಹಾಗಾದರೆ ಅವಳ ಪ್ರಯೋಗ ಫೇಲಾಗಿಲ್ಲ, ಉತ್ತರ ಕೊಟ್ಟಿದೆ. ಅವಳ ಉದ್ದೇಶವೂ ಆ ಉತ್ತರದಿಂದಲೇ ಹುಟ್ಟುತ್ತದೆ. ಆರಿಸಲು ಭೇದ ಇಲ್ಲದಿದ್ದರೆ ಭೇದ ತರಬೇಕು, ಅಂದರೆ ಎರಡು ತಳಿ ಕೂಡಿಸಬೇಕು. ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಮಾಡಿದ್ದು ಅದೇ. ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿದರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಆ ತಳಿಗಳಿಗೆ ಇಂಡಾಫ್ ಅಂತ ಹೆಸರಾಯಿತು.

ಹೇಳಿದಷ್ಟು ಸುಲಭವಲ್ಲ ಅದು. ರಾಗಿ ಹೂವು ತೀರಾ ಸಣ್ಣದು. ಸ್ವಂತ ಪರಾಗ ಸೇರದ ಹಾಗೆ ಗಂಡು ಭಾಗವನ್ನು ಚಿಮುಟದಲ್ಲಿ ತೆಗೆಯಲು ಹೋದರೆ ಎಷ್ಟೋ ಸಲ ಹೂವೇ ಹಾಳಾಗುತ್ತದೆ. ಅದಕ್ಕೆ ಎರಡು ಗಿಡದ ತೆನೆಗಳನ್ನು ಸೇರಿಸಿ ಕಟ್ಟಿ, ಪರಾಗ ತಾನಾಗಿ ಉದುರಲಿ ಅಂತ ಬಿಡುವ ಪದ್ಧತಿ ಇದೆ. ಹಾಗೆ ಬಂದ ಕಾಳಲ್ಲಿ ಬಹುಪಾಲು ಸ್ವಂತ ಪರಾಗದ್ದೇ. ನಿಜವಾಗಿ ಕೂಡಿದ್ದು ಯಾವುದು ಅಂತ ಹುಡುಕಲು ಒಂದು ಉಪಾಯ ಉಂಟು. ಹಸಿರು ಗಿಡವನ್ನು ಹೆಣ್ಣಾಗಿ, ಗೆಣ್ಣು ನೇರಳೆ ಇರುವ ಗಿಡವನ್ನು ಗಂಡಾಗಿ ಇಡುತ್ತಾರೆ. ಹಸಿರು ಗಿಡದ ಕಾಳು ಬಿತ್ತಿದಾಗ ನೇರಳೆ ಕಂಡ ಸಸಿ ಮಾತ್ರ ಮಿಶ್ರ ತಳಿ. ಅವಳಿಗೆ ಇದು ಪುಸ್ತಕದಲ್ಲಿ ಗೊತ್ತು, ಕೈಯಲ್ಲಿ ಗೊತ್ತಿಲ್ಲ. ಕಲಿಯಬೇಕಾದದ್ದು ಇದು ಅಂತ ನೇರವಾಗಿ ಬರೆ ಅಂದೆ. ಅಲ್ಲಿ ರಾಗಿ ಇಲ್ಲದೆ ಗೋಧಿಯೋ ಟೊಮೆಟೊವೋ ಕೊಟ್ಟರೂ, ಭೇದ ಅಳೆಯುವ ಲೆಕ್ಕ ಒಂದೇ.

ಜೆನೆಟಿಕ್ಸ್ ಪತ್ರಿಕೆಯಲ್ಲಿ ಅವಳಿಗೆ ಅಂಕ ಕಡಿಮೆ. ಅದಕ್ಕೆ ಒಂದು ಪ್ಯಾರಾ ಪೂರ್ತಿ ಕಾರಣ ಕೊಟ್ಟಿದ್ದಳು. ಒಂದು ವಾಕ್ಯಕ್ಕೆ ಇಳಿಸಿದೆವು. ಬಡತನದ ಕಥೆಯನ್ನೂ ಕಡಿಮೆ ಮಾಡಿದೆವು. ಆ ತಕ್ಕಡಿ ಇದ್ದರೆ ಸಾಕು, ಮಿಕ್ಕದ್ದು ಓದುವವರಿಗೆ ಗೊತ್ತಾಗುತ್ತದೆ.

ತಕ್ಕಡಿ ವಿಷಯದಲ್ಲಿ ಮಾತ್ರ ಅವಳು ತುಂಬಾ ಹಿಂಜರಿದಳು. "ಅಕ್ಕಸಾಲಿ ಅಂಗಡಿ ಅಂತ ಬರೆದರೆ ನಗುತ್ತಾರೆ ಸಾರ್. ಪ್ರಯೋಗಾಲಯ ಅಂತ ಹಾಕಲಾ?" ಬೇಡ ಅಂದೆ. ಅದು ಸುಳ್ಳು. ಜೊತೆಗೆ, ಸಂದರ್ಶನದಲ್ಲಿ ಯಾವ ತಕ್ಕಡಿ ಅಂತ ಕೇಳಿದರೆ ಸಿಕ್ಕಿಬೀಳುತ್ತೀಯ.

ಹೋದ ವಾರ ತಿದ್ದಿದ ಪುಟ ಕಳಿಸಿದ್ದಾಳೆ. ಅದರ ಮೊದಲ ಸಾಲನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿದೆ: 'ನಮ್ಮ ಹೊಲದ 100 ರಾಗಿ ತೆನೆಗಳನ್ನು ಊರಿನ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದೆ, ದಪ್ಪ ತೆನೆಗಳು ತಮ್ಮ ದಪ್ಪವನ್ನು ಮಕ್ಕಳಿಗೆ ಕೊಡಲಿಲ್ಲ.'

ನಮಸ್ಕಾರ.