ಬೆಂಡೆಕಾಯಿ ಅಚ್ಚು, ಎಲೆ ಚಿತ್ರ: ಎರಡು ವರ್ಷದ ಮಗುವಿನ ಜೊತೆ ಒಂದು ಮಳೆ ಬೆಳಗ್ಗೆ

[ದೃಶ್ಯ: ಮಡಿಕೇರಿಯ ಒಂದು ಮನೆಯ ಜಗಲಿ. ಹೊರಗೆ ಜೋರು ಮಳೆ. ಕ್ಯಾಮೆರಾ ಮುಂದೆ ಎರಡು ಹಾಳೆ.]

ನಮಸ್ಕಾರ. ಈ ಎರಡು ಹಾಳೆ ನೋಡಿ. ಎರಡನ್ನೂ ಒತ್ತಿದ್ದು ಬೆಂಡೆಕಾಯಿಯಿಂದಲೇ. ಒಂದರಲ್ಲಿ ಐದೆಸಳಿನ ಹೂವು ಚೆನ್ನಾಗಿ ಕಾಣುತ್ತಿದೆ. ಇನ್ನೊಂದರಲ್ಲಿ ಬರೀ ಗುಲಾಬಿ ಬಣ್ಣದ ಮುದ್ದೆ. ಮುದ್ದೆ ಮಾಡಿದ್ದು ನಮ್ಮ ಅಕ್ಕನ ಮಗಳು ಪುಟ್ಟಿ ಅಂದುಕೊಂಡಿರಾ? ಅಲ್ಲ, ಅದು ನಾನು ಮಾಡಿದ್ದು!

ಪುಟ್ಟಿಗೆ ಈಗ ಎರಡು ವರ್ಷ. ಮಳೆ ಶುರುವಾದ ಮೇಲೆ ಅಂಗಳಕ್ಕೆ ಬಿಡೋ ಹಾಗಿಲ್ಲ. ಅದಕ್ಕೇ ತರಕಾರಿ ಅಚ್ಚು ಮಾಡಿಸೋಣ ಅಂತ ಕೂತೆ. ತಟ್ಟೆ ತುಂಬಾ ಬಣ್ಣ ಸುರಿದು, ಬೆಂಡೆಕಾಯಿ ಕತ್ತರಿಸಿ, ಹಾಗೇ ಅದ್ದಿ ಒತ್ತಿ ತೋರಿಸಿದೆ. ಬೆಂಡೆಕಾಯಿಯ ಲೋಳೆಗೆ ಬಣ್ಣ ಹಿಡಿಯಲ್ಲ, ಜಾರುತ್ತದೆ. ಮೇಲಿಂದ ಬಣ್ಣ ಜಾಸ್ತಿಯಾದರೆ ಬೀಜದ ಗೂಡುಗಳೆಲ್ಲ ತುಂಬಿಕೊಂಡು ಹೂವು ಮುಚ್ಚಿ ಹೋಗುತ್ತದೆ. ಆ ಮುದ್ದೆ ಹುಟ್ಟಿದ್ದು ಹೀಗೆ.

[ದೃಶ್ಯ: ಹತ್ತಿರದಿಂದ, ಕತ್ತರಿಸಿದ ಬೆಂಡೆಕಾಯಿಯ ಅಡ್ಡಸೀಳು.]

ಈಗ ಸರಿಯಾದ ಕ್ರಮ ನೋಡೋಣ. ಮಗು ಬರೋ ಮುಂಚೆಯೇ, ಅರ್ಧ ಗಂಟೆ ಮೊದಲು, ದಪ್ಪ ಬೆಂಡೆಕಾಯಿಗಳನ್ನು ಅಡ್ಡಕ್ಕೆ ಕತ್ತರಿಸಿ. ತೊಟ್ಟಿನ ಕಡೆ ಉದ್ದವಾಗಿಯೇ ಇರಲಿ. ಕತ್ತರಿಸಿದ ಮುಖ ಕೆಳಗೆ ಬರುವಂತೆ ಹಳೇ ಪಂಚೆ ಬಟ್ಟೆಯ ಮೇಲೆ ನಿಲ್ಲಿಸಿ. ಲೋಳೆ ಬಟ್ಟೆಗೆ ಇಳಿಯುತ್ತದೆ. ಆಮೇಲೆ ಇನ್ನೊಂದು ಸಲ ಒರೆಸಿ. ಚಾಕುವಿನ ಕೆಲಸ ಇಲ್ಲಿಗೆ ಮುಗಿಯಿತು, ಅದು ಅಡುಗೆಮನೆಗೆ ವಾಪಸ್.

ಒಂಟಿ ಬೆಂಡೆಕಾಯಿಯನ್ನು ಈ ವಯಸ್ಸಿನ ಕೈಗೆ ಕೊಡಬೇಡಿ. ಟಿಶ್ಯೂ ರೋಲಿನ ಒಳಗಿನ ರಟ್ಟಿನ ಕೊಳವೆ ಇದೆಯಲ್ಲ, ಅದರೊಳಗೆ ತೂರುವ ಯಾವ ವಸ್ತುವಾದರೂ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು ಅಂತಲೇ ಲೆಕ್ಕ. ಬೆಂಡೆಕಾಯಿ ಆರಾಮಾಗಿ ತೂರುತ್ತದೆ. ನಾನು ಐದಾರು ಬೆಂಡೆಕಾಯಿ ಸೇರಿಸಿ ಒಣ ಬಾಳೆ ನಾರಿನಿಂದ ಬಿಗಿಯಾಗಿ ಕಟ್ಟುತ್ತೇನೆ. ಮಗು ಎರಡೂ ಕೈಯಲ್ಲಿ ಹಿಡಿಯುತ್ತದೆ, ಒಂದು ಸಲ ಒತ್ತಿದರೆ ಐದಾರು ಹೂವು. ರಬ್ಬರ್ ಬ್ಯಾಂಡ್ ಬೇಡ, ಅದೂ ಬಾಯಿಗೇ ಹೋಗೋದು. ಪುಟ್ಟಿ ಮೊದಲ ನಿಮಿಷದಲ್ಲೇ ಕಟ್ಟಿನ ತುದಿ ಕಚ್ಚಿದಳು. ಬಾಯಿಂದ ತೆಗೆದು ಎಣಿಸಿದೆ, ಎಲ್ಲ ಇತ್ತು. ಪಕ್ಕದಲ್ಲೇ ಕೂತಿರಬೇಕು ಅನ್ನೋದು ಇದಕ್ಕೇ. ಕೈ ಚಾಚಿದರೆ ಮಗು ಸಿಗಬೇಕು. ಫೋನ್ ಬಂದರೆ ಕಟ್ಟೂ ಬಣ್ಣವೂ ನಿಮ್ಮ ಜೊತೆಗೇ ಏಳಬೇಕು.

[ದೃಶ್ಯ: ಒಲೆ ಮೇಲೆ ಸಣ್ಣ ಪಾತ್ರೆ.]

ಬಣ್ಣಕ್ಕೆ ಬರೋಣ. ಅಂಗಡಿಯಲ್ಲಿ ಸಿಗುವ ಬಹಳಷ್ಟು ಬಣ್ಣದ ಡಬ್ಬಿಗಳ ಮೇಲೆ ಮೂರು ವರ್ಷ ಮೇಲ್ಪಟ್ಟವರಿಗೆ ಅಂತ ಬರೆದಿರುತ್ತದೆ. ಅದಕ್ಕೆ ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಒಟ್ಟು ಒಂದು ಲೋಟ ನೀರಾಗುವಂತೆ ನೋಡಿಕೊಂಡು, ಸಣ್ಣ ಉರಿಯಲ್ಲಿ ಕದಡುತ್ತಾ ಇರಿ. ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಇಳಿಸಿ. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಬೇಕಾದರೆ ನೀರು ಸೇರಿಸಬಹುದು. ಪೂರ್ತಿ ತಣ್ಣಗಾದ ಮೇಲೆ ತುರಿದ ಬೀಟ್‌ರೂಟ್ ಹಿಂಡಿದ ರಸ ಹಾಕಿ. ಬಿಸಿಯಲ್ಲಿ ಹಾಕಿದರೆ ಬಣ್ಣ ಮಂಕಾಗುತ್ತದೆ.

ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಅಡುಗೆಮನೆಯ ಬಣ್ಣ ಅಲ್ವಾ, ತೊಳೆದರೆ ಹೋಗುತ್ತದೆ ಅಂದುಕೊಳ್ಳುತ್ತಾರೆ. ಅರಿಶಿನ ತಗೊಳ್ಳಿ. ಬಾಯಿಗೆ ಹೋದರೂ ಪರವಾಗಿಲ್ಲ, ಬಟ್ಟೆಗೆ ಬಿದ್ದರೆ ಮಾತ್ರ ಬಿಡಲ್ಲ. ಸೋಪು ಹಾಕಿದರೆ ಇನ್ನೂ ಕೆಂಪಾಗುತ್ತದೆ. ನಮ್ಮ ಕೊಡಗಿನ ಕಕ್ಕಡ ತಿಂಗಳಲ್ಲಿ ಮದ್ದು ಸೊಪ್ಪು ಬೇಯಿಸಿದ ನೀರಿನ ನೇರಳೆ ಬಣ್ಣ ನೋಡಿದಾಗ ನನಗೂ ಆಸೆಯಾಗಿತ್ತು. ನಮ್ಮಜ್ಜಿ "ಅದು ಪಾಯಸಕ್ಕೆ ಕಣೇ, ನಿನ್ನ ಹಾಳೆಗಲ್ಲ" ಅಂದು ಪಾತ್ರೆ ಎತ್ತಿಕೊಂಡು ಹೋದರು. ಬಾಳೆ ದಂಟಿನ ಅಚ್ಚೂ ತುಂಬಾ ಚೆಂದ, ಜೇನುಗೂಡಿನ ಹಾಗೆ ಬರುತ್ತದೆ. ಆದರೆ ಅದರ ಸೊನೆ ಕಂದು ಕಲೆಯಾಗಿ ಬಟ್ಟೆಯಲ್ಲಿ ಉಳಿದುಬಿಡುತ್ತದೆ. ನಾನು ಬಿಟ್ಟೆ.

ಬೀಟ್‌ರೂಟ್ ಕೂಡ ಒಣಗುವ ಮುಂಚೆ ತಣ್ಣೀರಲ್ಲಿ ಹಿಂಡಿದರೆ ಬಹುಪಾಲು ಹೋಗುತ್ತದೆ, ಒಣಗಿದ ಮೇಲೆ ಕಷ್ಟ. ಹಿಂದಿನ ದಿನವೇ ಹಳೇ ಬಿಳಿ ಬಟ್ಟೆಗೆ ಒಂದು ಚುಕ್ಕೆ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆದು ನೋಡಿ. ಇನ್ನೊಂದು ಮಾತು: ಮಗು ಸ್ವಲ್ಪ ನೆಕ್ಕಿದ್ದರೆ ಮಾರನೇ ದಿನ ಡೈಪರ್‌ನಲ್ಲಿ ಕೆಂಪು ಕಾಣಬಹುದು. ಬೀಟ್‌ರೂಟ್ ನೆನಪಿದ್ದರೆ ಗಾಬರಿಯಾಗಲ್ಲ.

[ದೃಶ್ಯ: ತಟ್ಟೆಯಲ್ಲಿ ಮಡಿಸಿದ ಬಟ್ಟೆ, ಮೇಲೆ ಬಣ್ಣ.]

ತಟ್ಟೆಗೆ ಬಣ್ಣ ಸುರಿಯಬೇಡಿ. ಹತ್ತಿ ಬಟ್ಟೆ ನಾಲ್ಕು ಮಡಿಕೆ ಮಾಡಿ, ಒದ್ದೆ ಮಾಡಿ ಹಿಂಡಿ, ಅದರ ಮೇಲೆ ಒಂದೇ ಚಮಚ ಬಣ್ಣ ಸವರಿ. ಅಂಚೆ ಕಚೇರಿಯ ಸೀಲ್ ಪ್ಯಾಡ್ ಇದ್ದ ಹಾಗೆ. ನೀವೇ ಮೊದಲು ಒಂದು ಸಲ ನ್ಯೂಸ್‌ಪೇಪರ್ ಮೇಲೆ ಒತ್ತಿ. ಮೊದಲನೆಯದು ದಪ್ಪಗೆ ಬರುತ್ತದೆ, ಎರಡನೆಯದರಲ್ಲಿ ಹೂವು ಕಾಣುತ್ತದೆ. ಆಮೇಲೆ ಮಗುವಿಗೆ ಕೊಡಿ. ಎರಡು ವರ್ಷದ ಮಗು ಒತ್ತುವುದಕ್ಕಿಂತ ಎಳೆಯುವುದೇ ಜಾಸ್ತಿ. ಎಳೆಯಲಿ ಬಿಡಿ. ಹತ್ತು ನಿಮಿಷ ಆಗುವಷ್ಟರಲ್ಲಿ ಪುಟ್ಟಿಗೆ ಸಾಕಾಗಿತ್ತು.

ಕೈ ತೊಳೆಯಲು ಬಕೆಟ್ ತಂದಿಡಬೇಡಿ. ಇಷ್ಟು ಸಣ್ಣ ಮಕ್ಕಳಿಗೆ ಬಕೆಟ್ಟಿನ ತಳದ ನೀರೂ ಅಪಾಯ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಎತ್ತಿಕೊಂಡು ಹೋಗಿ ನಲ್ಲಿಯಲ್ಲಿ ತೊಳೆಸಿ. ಕೆಂಪು ಸಿಮೆಂಟ್ ನೆಲವಾದರೆ ಕೆಳಗೆ ಗೋಣಿಚೀಲ ಹಾಸಿ, ಲೋಳೆ ಬಿದ್ದರೆ ಜಾರುತ್ತದೆ.

[ದೃಶ್ಯ: ಮೊರದಲ್ಲಿ ಒಣ ಎಲೆಗಳು.]

ಎಲೆ ಅಂಟಿಸುವುದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಇಲ್ಲಿ ಜಾಸ್ತಿ ಯೋಚನೆ ಮಾಡಬೇಕಾದ್ದು ಎಲೆ ಎಲ್ಲಿಂದ ಅನ್ನೋದು. ಕಾಫಿ ಎಲೆ ಹೊಳಪು, ಅಂಚು ಅಲೆ ಅಲೆ, ನೋಡಲು ಚೆಂದ. ಆದರೆ ತೋಟದಲ್ಲಿ ಕಾಫಿಗೂ ಮೆಣಸಿನ ಬಳ್ಳಿಗೂ ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೊ ದ್ರಾವಣ ಹೊಡೆದಿರುತ್ತಾರೆ. ಎಲೆ ಮೇಲೆ ನೀಲಿ ಮಿಶ್ರಿತ ಬಿಳಿ ಕಲೆ ಕಂಡರೆ ಅದೇ. ಕಲೆ ಕಾಣದಿದ್ದರೂ ತೋಟದ ಎಲೆ ಬೇಡ, ಎಲ್ಲವೂ ಬಾಯಿಗೆ ಹೋಗುವ ವಯಸ್ಸು ಇದು. ಕೆಸುವಿನ ಎಲೆ ಹಸಿಯಾಗಿ ಬಾಯಿಗೆ ಹೋದರೆ ತುರಿಕೆ. ಕಣಗಿಲೆ, ಗುಲಗಂಜಿ ಕಡೆ ಹೋಗಲೇಬೇಡಿ, ಅವು ವಿಷ. ನಾನು ತರುವುದು ಮನೆ ಹಿತ್ತಲಿನ ಹಲಸು, ಸೀಬೆ, ದಾಸವಾಳ, ಇಷ್ಟೇ. ಮಳೆಯಲ್ಲಿ ತಂದರೆ ಜಿಗಣೆ ನೋಡಿಕೊಂಡು, ತೊಳೆದು ಒರೆಸಿ, ನ್ಯೂಸ್‌ಪೇಪರ್ ಮಧ್ಯೆ ಇಟ್ಟು ಹಾಸಿಗೆ ಕೆಳಗೆ ಮೂರು ದಿನ. ಪೇಪರ್ ದಿನಾ ಬದಲಾಯಿಸಬೇಕು, ಇಲ್ಲದಿದ್ದರೆ ನಮ್ಮ ಹವಾಕ್ಕೆ ಕಪ್ಪಾಗುತ್ತದೆ.

ಅಂಟಿಗೆ ಮೈದಾ ಗಂಜಿ ಸಾಕು, ಗೋಧಿ ಒಗ್ಗದ ಮಗುವಾದರೆ ಕಾರ್ನ್‌ಫ್ಲೋರ್ ಗಂಜಿ. ಹಾಳೆ ಮುದುರುತ್ತದೆ, ಹಳೇ ರಟ್ಟಿನ ಡಬ್ಬಿ ಬಿಚ್ಚಿ ಅದನ್ನೇ ಬಳಸಿ. ಮಗು ಒಂದೊಂದು ಎಲೆಗೆ ಅಂಟು ಹಚ್ಚುವುದು ಆಗದ ಮಾತು. ನೀವೇ ರಟ್ಟಿಗೆ ಪೂರ್ತಿ ತೆಳ್ಳಗೆ ಸವರಿ ಕೊಡಿ, ಮಗು ಎಲೆ ಇಟ್ಟು ಚಪ್ಪಾಳೆ ತಟ್ಟಿದ ಹಾಗೆ ತಟ್ಟಲಿ. ನಡುನರ ದಪ್ಪಗಿದ್ದರೆ ಎಲೆ ಎದ್ದು ಬರುತ್ತದೆ, ಮೊದಲೇ ಕತ್ತರಿಸಿಬಿಡಿ.

[ದೃಶ್ಯ: ಗೋಡೆಗೆ ಒರಗಿಸಿದ ರಟ್ಟು.]

ಪುಟ್ಟಿ ಮೂರು ಎಲೆ ಒಂದರ ಮೇಲೊಂದು ಇಟ್ಟಳು, ಉಳಿದ ಜಾಗ ಖಾಲಿ. ಅವಳ ಪ್ರಕಾರ ಅದು ನಾಯಿ. ಒಲೆಯ ಪಕ್ಕದ ಗೋಡೆಗೆ ಒರಗಿಸಿದ್ದೆವು. ಆದರೂ ನಾಲ್ಕನೇ ದಿನ ಅಂಟು ದಪ್ಪ ಇದ್ದ ಮೂಲೆಯಲ್ಲಿ ಬೂಷ್ಟು ಬಂತು. ಫೋಟೋ ತೆಗೆದುಕೊಂಡು ರಟ್ಟನ್ನು ಗೊಬ್ಬರದ ಗುಂಡಿಗೆ ಹಾಕಿದೆ. ಎರಡು ದಿನ "ನಾಯಿ ಎಲ್ಲಿ" ಅಂತ ಕೇಳುತ್ತಿದ್ದಳು.