ಕೋಲಾರದ ನಕ್ಷೆಯಲ್ಲಿ ಕೆರೆಗಳು ಕಾಣಬೇಕಾದರೆ

ಎಲ್ಲರಿಗೂ ನಮಸ್ಕಾರ.

ಕೋಲಾರ ತಾಲ್ಲೂಕಿನ ಕೆರೆಗಳನ್ನು ಗುರುತಿಸಿ, ಎ3 ಹಾಳೆಯಲ್ಲಿ ಮುದ್ರಿಸಿ ಊರೂರಿಗೆ ಹಂಚಬಹುದಾದ ಒಂದು ನಕ್ಷೆ ನಮಗೆ ಬೇಕು ಎಂದುಕೊಳ್ಳೋಣ. ಸಿದ್ಧವಾಗಿ ಸಿಗುವ ಹಿನ್ನೆಲೆ ನಕ್ಷೆಗಳು ಹೆಚ್ಚಾಗಿ ದಾರಿ ಹುಡುಕುವವರಿಗಾಗಿ ರೂಪಿಸಿದವು. ಅವುಗಳಲ್ಲಿ ಹೆದ್ದಾರಿ ಕಣ್ಣಿಗೆ ಹೊಡೆಯುತ್ತದೆ, ಕೆರೆ ಮೂಲೆಗೆ ಸರಿಯುತ್ತದೆ. ಆದ್ದರಿಂದ ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶವನ್ನು ಇಳಿಸಿಕೊಂಡು, ಕ್ಯೂಜಿಐಎಸ್ ಎಂಬ ನಕ್ಷೆ ರೂಪಿಸುವ ತಂತ್ರಾಂಶದಲ್ಲಿ ರಸ್ತೆ, ನೀರು, ಹೆಸರು ಮೂರಕ್ಕೂ ಹೊಸ ರೂಪ ಕೊಡುವುದೇ ಸರಿಯಾದ ದಾರಿ.

ಮೊದಲು ರಸ್ತೆ. 1:1,00,000 ಪ್ರಮಾಣದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 100 ಮೀಟರ್. ರಸ್ತೆಯನ್ನು 1.2 ಮಿ.ಮೀ. ದಪ್ಪಕ್ಕೆ ಎಳೆದರೆ ಅದು 120 ಮೀಟರ್ ನೆಲವನ್ನು ಮುಚ್ಚುತ್ತದೆ. ಒಂದು ಹೆಕ್ಟೇರಿನ ಕಟ್ಟೆ ಈ ನಕ್ಷೆಯಲ್ಲಿ ಸುಮಾರು ಒಂದು ಮಿ.ಮೀ. ಚೌಕ ಮಾತ್ರ. ನಮ್ಮ ಕಡೆ ಕೆರೆಯ ಏರಿಯ ಮೇಲೆಯೇ ರಸ್ತೆ ಹಾದುಹೋಗುವುದು ಸಾಮಾನ್ಯ. ಅಂಥ ಕಡೆ ರೇಖೆಯ ಅರ್ಧ ದಪ್ಪ, ಅಂದರೆ 60 ಮೀಟರ್, ನೀರಿನ ಮೇಲೆ ಹರಡಿಕೊಂಡು ಸಣ್ಣ ಕಟ್ಟೆಯನ್ನು ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ. ಹಾಗಾಗಿ ನಾನು ಹೆದ್ದಾರಿಗೆ 0.7, ಜಿಲ್ಲಾ ರಸ್ತೆಗಳಿಗೆ 0.4, ಹಳ್ಳಿ ರಸ್ತೆಗಳಿಗೆ 0.2 ಮಿ.ಮೀ. ಕೊಡುತ್ತೇನೆ. ಹೆದ್ದಾರಿಗೆ ಮಾತ್ರ ಬೂದು ಅಂಚು ಮತ್ತು ಬಿಳಿ ಒಳಭಾಗ, ಉಳಿದವು ಬರೀ ಬೂದು ಗೆರೆಗಳು.

ಅಂಚು ಹಾಕಿದ ಕೂಡಲೇ ಒಂದು ತೊಡಕು ಹುಟ್ಟುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದೇ ರಸ್ತೆ ಹಲವು ತುಂಡುಗಳಾಗಿರುತ್ತದೆ. ತಂತ್ರಾಂಶ ಪ್ರತಿ ತುಂಡನ್ನೂ ಅಂಚು, ಒಳಭಾಗ ಎರಡನ್ನೂ ಸೇರಿಸಿ ಬರೆದು ಮುಗಿಸಿ ಮುಂದಿನದಕ್ಕೆ ಹೋಗುತ್ತದೆ. ರಸ್ತೆಗಳು ಕೂಡುವಲ್ಲಿ ಒಂದರ ಅಂಚು ಇನ್ನೊಂದರ ಬಿಳಿಯನ್ನು ಕತ್ತರಿಸಿ, ಅಲ್ಲಿ ಗೇಟು ಹಾಕಿದಂತೆ ಕಾಣುತ್ತದೆ. `Symbol Levels` ಎಂಬ ಆಯ್ಕೆಯನ್ನು ಚಾಲೂ ಮಾಡಿ ಅಂಚಿಗೆ 0, ಒಳಭಾಗಕ್ಕೆ 1 ಎಂದು ಕೊಟ್ಟರೆ ಎಲ್ಲ ಅಂಚುಗಳೂ ಮೊದಲು, ಎಲ್ಲ ಬಿಳಿ ಭಾಗಗಳೂ ನಂತರ ಬರುತ್ತವೆ. ಕೂಡುದಾರಿಗಳು ತೆರೆದುಕೊಳ್ಳುತ್ತವೆ. ರಾಷ್ಟ್ರೀಯ ಹೆದ್ದಾರಿ 75ರಂಥ ಜೋಡಿರಸ್ತೆಯ ಎರಡು ಗೆರೆಗಳೂ ಈ ಪ್ರಮಾಣದಲ್ಲಿ ಒಂದೇ ಪಟ್ಟಿಯಾಗಿ ಬೆಸೆದುಕೊಳ್ಳುತ್ತವೆ.

ಇನ್ನು ನೀರು. ದತ್ತಾಂಶದಲ್ಲಿರುವ ಕೆರೆಯ ಆಕಾರ ಸಾಮಾನ್ಯವಾಗಿ ಕೆರೆಯಂಗಳದ ಆಕಾರ. ಅದನ್ನೆಲ್ಲ ಗಾಢ ನೀಲಿ ಬಳಿದರೆ ವರ್ಷದ ಬಹುಪಾಲು ಒಣಗಿರುವ ಕೆರೆಯೂ ತುಂಬಿ ತುಳುಕುತ್ತಿರುವಂತೆ ತೋರುತ್ತದೆ. ಆ ನಕ್ಷೆ ನೋಡಿದವರು ಕೋಲಾರದಲ್ಲಿ ನೀರಿಗೆ ಬರವಿಲ್ಲ ಎಂದುಕೊಂಡರೆ ತಪ್ಪು ನಕ್ಷೆಯದು. ಅದಕ್ಕಾಗಿ `Rule-based` ಶೈಲಿಯಲ್ಲಿ ಎರಡು ನಿಯಮ ಬರೆಯಬೇಕು. ಋತುಮಾನದ ಕೆರೆಗೆ ಈ ನಿಯಮ:

```
"natural" = 'water' AND "intermittent" = 'yes'
```

ಇದಕ್ಕೆ ತೆಳು ನೀಲಿ ಓರೆಗೆರೆಗಳನ್ನೂ ತುಂಡುಗೆರೆಯ ಅಂಚನ್ನೂ ಕೊಡಿ. ಉಳಿದ ನೀರಿನ ಆಕಾರಗಳಿಗೆ `"natural" = 'water' AND coalesce("intermittent", '') <> 'yes'` ಎಂಬ ಎರಡನೆಯ ನಿಯಮದಡಿ ತುಂಬು ನೀಲಿ. ಆದರೆ ಎಷ್ಟೋ ಕೆರೆಗಳಿಗೆ ಈ `intermittent` ಗುರುತನ್ನು ಯಾರೂ ಹಾಕಿರುವುದಿಲ್ಲ, ಅವೆಲ್ಲ ತುಂಬು ನೀಲಿಗೇ ಬೀಳುತ್ತವೆ. ಹಿಂದೆ ಹಾಕಿದ ಗುರುತೂ ಹಳತಾಗಿರಬಹುದು. ಬೆಂಗಳೂರಿನಿಂದ ಬರುವ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಹರಿಯತೊಡಗಿದ ಮೇಲೆ ಇಲ್ಲಿನ ಹಲವು ಕೆರೆಗಳ ಸ್ಥಿತಿಯೇ ಬದಲಾಗಿದೆ. ಊರಿನವರನ್ನು ಕೇಳಿ, ಬೇಸಿಗೆಯ ಉಪಗ್ರಹ ಚಿತ್ರದೊಂದಿಗೆ ಹೋಲಿಸಿ, ಒಂದೊಂದಾಗಿ ತಿದ್ದಬೇಕು. ಬಣ್ಣ ಆರಿಸುವುದಕ್ಕಿಂತ ಈ ಕೆಲಸಕ್ಕೇ ಹೆಚ್ಚು ಸಮಯ ಮೀಸಲಿಡಿ.

ಕೊನೆಯದು ಹೆಸರುಗಳು. ಇಂಗ್ಲಿಷ್ ನಕ್ಷೆಗಳಲ್ಲಿ ದೊಡ್ಡ ಊರಿಗೆ ದೊಡ್ಡಕ್ಷರ, ನೀರಿಗೆ ಓರೆ ಅಕ್ಷರ ಎಂಬ ಪದ್ಧತಿಯಿದೆ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ. ಓರೆ ಮಾಡಿದರೆ ಗುಂಡನೆಯ ಅಕ್ಷರಗಳ ಚೆಲುವೂ ಹೋಗುತ್ತದೆ, ಓದುವುದೂ ಕಷ್ಟ. ನಮ್ಮ ಕೈಯಲ್ಲಿರುವುದು ಅಕ್ಷರದ ಗಾತ್ರ, ದಪ್ಪ ಮತ್ತು ಬಣ್ಣ. ಕೋಲಾರದಂಥ ಪಟ್ಟಣಗಳಿಗೆ ದಪ್ಪ ಕಪ್ಪು, ಹಳ್ಳಿಗಳಿಗೆ ತೆಳು ಬೂದು, ಕೆರೆಗಳಿಗೆ ಕಡು ನೀಲಿ. ಹೆಸರಿನ ಜಾಗದಲ್ಲಿ ಹೀಗೆ ಬರೆಯಿರಿ:

```
coalesce(nullif("name:kn", ''), "name")
```

ಕನ್ನಡ ಹೆಸರಿದ್ದರೆ ಅದು, ಇಲ್ಲದಿದ್ದರೆ ಮಾತ್ರ ಸಾಮಾನ್ಯ ಹೆಸರು ಬರುತ್ತದೆ. ನಕ್ಷೆಯಲ್ಲಿ ಉಳಿದ ಇಂಗ್ಲಿಷ್ ಹೆಸರುಗಳೇ ಇನ್ನು ತುಂಬಬೇಕಾದ ಕನ್ನಡ ಹೆಸರುಗಳ ಪಟ್ಟಿ.

ಒತ್ತಕ್ಷರದ ಕಡೆಗೂ ಗಮನ ಇರಲಿ. ‘ಲಕ್ಷ್ಮೀಸಾಗರ’ದಂಥ ಹೆಸರನ್ನು ತೀರಾ ಚಿಕ್ಕದಾಗಿ ಮುದ್ರಿಸಿದರೆ ಕೆಳಗಿನ ಒತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. 7 ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ. ಅಕ್ಷರದ ಸುತ್ತ ನೆಲದ ಬಣ್ಣದ್ದೇ 0.5 ಮಿ.ಮೀ. `Buffer` ಸಾಕು, ಹೆಚ್ಚಿಸಿದರೆ ಅದು ಪಕ್ಕದ ರಸ್ತೆಯನ್ನು ಅಳಿಸುತ್ತದೆ. ಹೆಸರುಗಳ ನೂಕುನುಗ್ಗಲಾದರೆ ಐದು ಹೆಕ್ಟೇರಿಗಿಂತ ದೊಡ್ಡ ಕೆರೆಗಳಿಗೆ ಮಾತ್ರ ಹೆಸರು ಹಾಕಿ, ಚಿಕ್ಕವು ಬರೀ ನೀಲಿಯಾಗಿ ಉಳಿಯಲಿ.

ಮುದ್ರಣಕ್ಕೆ ಕಳುಹಿಸುವ ಮುನ್ನ ಅದೇ ಎ3 ಗಾತ್ರದಲ್ಲಿ ಒಂದು ಕಪ್ಪು-ಬಿಳುಪು ಪ್ರತಿ ತೆಗೆಯಿರಿ. ಊರಿನಲ್ಲಿ ಅದನ್ನು ಜೆರಾಕ್ಸ್ ಮಾಡಿಯೇ ಹಂಚುತ್ತಾರೆ. ಅದರಲ್ಲಿ ಕೆರೆ ಮತ್ತು ಹಳ್ಳಿ ರಸ್ತೆ ಒಂದೇ ಬೂದಾಗಿ ಕಂಡರೆ, ರಸ್ತೆಯ ಬಣ್ಣವನ್ನು ಇನ್ನಷ್ಟು ತಿಳಿಯಾಗಿಸಿ ಮತ್ತೆ ಮುದ್ರಿಸಿ ನೋಡಿ.