ನಕಲಿ ಬಿಲ್ಲಿಗೆ ದುಡ್ಡು ಹೋದ ಮೇಲೆ ಬ್ಯಾಂಕಿಗೆ ಏನಂತ ಬರೀಬೇಕು?

ನಮಸ್ಕಾರ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಪೈಪು, ಪೇಂಟು ಮಾರೋ ಒಂದು ಅಂಗಡಿ ಅಂತಿಟ್ಕೊಳ್ಳಿ. ಬೆಂಗಳೂರಿನ ಹೋಲ್‌ಸೇಲ್‌ನವರದ್ದೇ ಅನ್ನೋ ಹಾಗೆ ಮೇಲ್‌ನಲ್ಲಿ ಬಿಲ್ಲು ಬರುತ್ತೆ. ಮಾಲು ಸರಿ, ಜಿಎಸ್‌ಟಿ ನಂಬರ್ ಸರಿ, ಮೊತ್ತ 1,86,400 ರೂಪಾಯಿ, ಅದೂ ಸರಿ. ಬದಲಾಗಿರೋದು ಕೆಳಗಿನ ಖಾತೆ ನಂಬರು, ಐಎಫ್‌ಎಸ್‌ಸಿ ಎರಡೇ. ಮಾಲೀಕರು ನೆಫ್ಟ್ ಮಾಡ್ತಾರೆ. ಹೋಲ್‌ಸೇಲ್‌ನವರು "ಅಣ್ಣಾ, ದುಡ್ಡು ಬಂದಿಲ್ವಲ್ಲ" ಅಂತ ಫೋನ್ ಮಾಡಿದಾಗ್ಲೇ ವಿಷಯ ಗೊತ್ತಾಗೋದು.

ಮೊದಲು ಸೈಬರ್ ವಂಚನೆಯ ದೂರು ತಗೊಳ್ಳೋ ಸಹಾಯವಾಣಿ 1930ಕ್ಕೆ ಫೋನ್, ಆಮೇಲೆ ಬ್ಯಾಂಕಿಗೆ ಪತ್ರ. ಕಳ್ಳರ ಖಾತೆಗೆ ಬಿದ್ದ ದುಡ್ಡು ಬೇಗ ಬೇರೆ ಬೇರೆ ಖಾತೆಗೆ ಹರಿದುಹೋಗುತ್ತೆ. ಉಳಿದಿರೋದನ್ನ ತಡೆಹಿಡಿಯೋಕೆ ಇರೋ ದಾರಿ ಆ ದೂರೇ.

ಇನ್ನು ಪತ್ರ. ಇಲ್ಲಿ ಸುಲಭವಾಗಿ ಬಂದುಬಿಡೋ ಸಾಲು, "ನನ್ನ ಅನುಮತಿ ಇಲ್ಲದೆ ಹಣ ಹೋಗಿದೆ" ಅನ್ನೋದು. ನನ್ನ ಪ್ರಕಾರ ಪತ್ರ ಕೆಡೋದು ಅಲ್ಲೇ. ಓಟಿಪಿ ಹಾಕಿದ್ದು ಮಾಲೀಕರೇ ಅಂತ ಬ್ಯಾಂಕಿನ ದಾಖಲೆಯಲ್ಲಿದೆ. 3 ಕೆಲಸದ ದಿನದೊಳಗೆ ತಿಳಿಸಿದ್ರೆ ಗ್ರಾಹಕರಿಗೆ ಹೊಣೆ ಇಲ್ಲ ಅನ್ನೋ ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮ ಇದ್ಯಲ್ಲ, ಅದು ಅನುಮತಿ ಇಲ್ಲದೆ ನಡೆದ ವ್ಯವಹಾರಕ್ಕೆ. ಮೋಸಹೋಗಿ ನಾವೇ ಕಳಿಸಿದ್ದಕ್ಕೆ ಅದನ್ನ ಎಳೆದು ತಂದ್ರೆ, "ನೀವೇ ಕಳಿಸಿದ್ದೀರಿ" ಅಂತ ಒಂದೇ ಸಾಲಿನ ಉತ್ತರ ಬರುತ್ತೆ, ಕಡತ ಮುಚ್ಚುತ್ತೆ. ಹಾಗಾಗಿ ಇದ್ದದ್ದು ಇದ್ದ ಹಾಗೆ ಬರೀರಿ:

"ಮಾನ್ಯ ವ್ಯವಸ್ಥಾಪಕರೇ, ನಕಲಿ ಬಿಲ್ಲನ್ನು ಅಸಲಿ ಎಂದು ನಂಬಿ, ಈ ದಿನಾಂಕ, ಈ ಸಮಯಕ್ಕೆ ನಮ್ಮ ಚಾಲ್ತಿ ಖಾತೆಯಿಂದ 1,86,400 ರೂಪಾಯಿ ನೆಫ್ಟ್ ಮಾಡಿದ್ದೇವೆ. ಯುಟಿಆರ್ ಸಂಖ್ಯೆ, ಹಣ ಹೋದ ಖಾತೆ, ಐಎಫ್‌ಎಸ್‌ಸಿ ಮತ್ತು 1930ರ ದೂರಿನ ಸಂಖ್ಯೆ ಕೆಳಗಿವೆ. ಹಣ ಪಡೆದ ಬ್ಯಾಂಕಿಗೆ ಇಂದೇ ತಿಳಿಸಿ, ಉಳಿದ ಮೊತ್ತವನ್ನು ತಡೆಹಿಡಿಸಿ, ಅವರ ಉತ್ತರವನ್ನು ನಮಗೆ ಲಿಖಿತವಾಗಿ ಕೊಡಬೇಕೆಂದು ಕೋರುತ್ತೇವೆ."

ಅಸಲಿ ಬಿಲ್ಲು, ನಕಲಿ ಬಿಲ್ಲು ಎರಡನ್ನೂ ಜೊತೆಗಿಟ್ಟು, ಖಾತೆ ನಂಬರಿನ ಸುತ್ತ ಪೆನ್ನಲ್ಲಿ ವೃತ್ತ ಹಾಕಿ. ನಿಮ್ಮ ಪ್ರತಿ ಮೇಲೆ ಶಾಖೆಯ ಸೀಲು, ಸಹಿ, ಗಂಟೆ ಮೂರೂ ಇರ್ಲಿ. ಬರೀ ದಿನಾಂಕ ಇದ್ರೆ ಬೆಳಿಗ್ಗೆ 11ಕ್ಕೆ ಕೊಟ್ರೋ ಸಂಜೆ 4ಕ್ಕೆ ಕೊಟ್ರೋ ಅಂತ ತೋರಿಸೋಕಾಗಲ್ಲ.

"ಆ ಖಾತೆ ಬೇರೆಯವರ ಹೆಸರಲ್ಲಿತ್ತು, ಬ್ಯಾಂಕ್ ಯಾಕೆ ತಡೀಲಿಲ್ಲ?" ಅಂತ ಕೇಳ್ತೀರಿ. ನೆಫ್ಟ್‌ನಲ್ಲಿ ದುಡ್ಡು ಜಮೆ ಆಗೋದು ಖಾತೆ ನಂಬರ್ ಮೇಲೆ. ಆದ್ರೆ ಕಳಿಸೋ ಮುಂಚೆ ಪಡೆಯೋರ ಹೆಸರು ನೋಡೋ ಸೌಲಭ್ಯವನ್ನ 2025ರ ಏಪ್ರಿಲ್ 1ರೊಳಗೆ ಕೊಡಿ ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ನಿಮ್ಮ ಆ್ಯಪ್‌ನಲ್ಲಿ ಅದು ಇಲ್ದೇ ಇದ್ರೆ ಪತ್ರದಲ್ಲಿ ಧಾರಾಳವಾಗಿ ಕೇಳಿ. ಬೇರೆ ಹೆಸರು ತೋರಿಸಿಯೂ ಮುಂದೆ ಒತ್ತಿದ್ರೆ, ಆ ವಾದ ಬಿಟ್ಬಿಡಿ.

ಹಣ ತಡೆಹಿಡಿದ್ರೂ ಬ್ಯಾಂಕ್ ತಾನಾಗೇ ವಾಪಸ್ ಹಾಕಿಬಿಡುತ್ತೆ ಅಂತ ಕಾಯಬೇಡಿ, ಸಾಮಾನ್ಯವಾಗಿ ಕೋರ್ಟಿನ ಆದೇಶ ಬೇಕಾಗುತ್ತೆ. ದೂರಿನ ಪ್ರತಿ ಹಿಡಿದು ತನಿಖಾಧಿಕಾರಿಯನ್ನ ಕಂಡು, ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ. ಬ್ಯಾಂಕಿನವರು 30 ದಿನ ಕಳೆದ್ರೂ ಉತ್ತರ ಕೊಡ್ದಿದ್ರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅಲ್ಲಿ ಆ ಸೀಲಿನ ಪ್ರತಿ ಅಪ್‌ಲೋಡ್ ಮಾಡಿ.